ಹತ್ತು ಬಾಕ್ಸ್ ಟೈಲ್ಸ್ ಎಲ್ಲಿ ಸೋತಿತು?

ನ್ಯಾಮತಿ ಬಸ್ ನಿಲ್ದಾಣದ ಬಳಿ ಒಬ್ಬ ಕಿರಾಣಿ ಅಂಗಡಿ ಸೌಕಾರರಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಗಾಗಿ ಬರೆಯುವುದಿಲ್ಲ. ಅಂಗಡಿ ಹಿಂದಿನ ಹೊಸ ಕೋಣೆಗೆ ನೆಲ ಹಾಸಲು ಹೊರಟರು. ಎರಡಡಿ-ಎರಡಡಿ ಟೈಲ್ಸ್ ಆರಿಸಿದರು. ದಾವಣಗೆರೆಯಿಂದ 10 ಬಾಕ್ಸ್ ತಂದರು. ಗೃಹಪ್ರವೇಶಕ್ಕೆ ನಾಲ್ಕೇ ದಿನ ಬಾಕಿ. ಎರಡನೇ ದಿನ ಮಧ್ಯಾಹ್ನ ಮೇಸ್ತ್ರಿ ಕೈ ತೊಳೆದುಕೊಂಡು ಎದ್ದುಬಿಟ್ಟ.

“ಸೌಕಾರ್ರೆ, ಇನ್ನೆರಡು ಟೈಲ್ಸ್ ಬೇಕು. ಅದೂ ನೆಲಕ್ಕೆ ಮಾತ್ರ. ಸ್ಕರ್ಟಿಂಗಿಗೆ ಬೇರೆ ಬೇಕು.”

“ಏನಪ್ಪಾ ಹಿಂಗಂತೀಯ? ನಾನು ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿದೀನಿ!”

ಹಾಕಿದ್ದು ನಿಜ. ದಿನಕ್ಕೆ ನೂರು ಚೀಟಿ ಬರೆಯುವ ಕೈ, ಕೂಡಿಸುವುದರಲ್ಲಿ ತಪ್ಪುವವರಲ್ಲ. ಕೋಣೆಯ ಅಗಲ 11 ಅಡಿ 4 ಇಂಚು, ಉದ್ದ 13 ಅಡಿ 8 ಇಂಚು. ಗುಣಿಸಿದರೆ ಸುಮಾರು 155 ಚದರ ಅಡಿ. ಬಾಕ್ಸಿಗೆ 4 ಟೈಲ್ಸ್, ಒಂದಕ್ಕೆ 4 ಚದರ ಅಡಿ, ಅಂದರೆ ಬಾಕ್ಸಿಗೆ 16. 155ನ್ನು 16ರಿಂದ ಭಾಗಿಸಿದರೆ ಒಂಬತ್ತು ಮುಕ್ಕಾಲಿಗೂ ತುಸು ಕಡಿಮೆ. ಹತ್ತು ಬಾಕ್ಸ್ ತಂದರೆ ಒಂದು ಟೈಲ್ಸ್ ಉಳಿಯಲೂಬೇಕು. ಹಾಗಿದ್ದರೆ ಎಲ್ಲಿ ಹೋಯಿತು?

ಮೇಸ್ತ್ರಿಯೂ ಸೌಕಾರರೂ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಮತ್ತೆ ಲೆಕ್ಕ ಮಾಡಿದರು. ಸಿಗರೇಟ್ ಪ್ಯಾಕಿನ ಹಿಂಬದಿಯೇ ಸ್ಲೇಟು. ಅಲ್ಲಿ ತಿಳಿದ ಸಂಗತಿ ನಮ್ಮ ಓದುಗರಿಗೂ ಬೇಕಾದದ್ದು.

ಮೊದಲ ತಪ್ಪು ಬಾಕ್ಸಿನ ಮೇಲೇ ಅಚ್ಚಾಗಿತ್ತು, ಯಾರೂ ಓದಿರಲಿಲ್ಲ. ಎರಡಡಿ ಎಂದು ನಾವು ಕರೆಯುವ ಟೈಲ್ಸ್ ಎರಡಡಿ ಇರುವುದೇ ಇಲ್ಲ. ಅದು 600 ಮಿಲಿಮೀಟರ್. ಎರಡಡಿಗೆ ಹತ್ತಿರ ಹತ್ತಿರ 610 ಮಿಲಿಮೀಟರ್ ಬೇಕು. ಅಂದರೆ ಒಂದೊಂದು ಬದಿಗೂ ಕಾಲಿಂಚಿಗಿಂತ ಜಾಸ್ತಿ ಕಡಿಮೆ. ಹಾಗಾಗಿ ಬಾಕ್ಸಿನಲ್ಲಿರುವುದು 16 ಚದರ ಅಡಿಯಲ್ಲ, 15 ಅಡಿ ಚಿಲ್ಲರೆ, ಸರಿಯಾಗಿ ಹೇಳಬೇಕೆಂದರೆ ಹದಿನೈದೂವರೆ. ಅಡಿ ಲೆಕ್ಕದಲ್ಲಿ ದುಡ್ಡು ಕೊಡುವವರು ಬಿಲ್ಲಿನಲ್ಲಿ ಬಾಕ್ಸಿಗೆ 16 ಬರೆದಿದ್ದಾರೋ 15.5 ಬರೆದಿದ್ದಾರೋ ಒಮ್ಮೆ ನೋಡಿಕೊಳ್ಳಿ. ಈ ಹದಿನೈದೂವರೆಯಲ್ಲಿ ಭಾಗಿಸಿದರೆ 155 ಚದರ ಅಡಿಗೆ ಸರಿಯಾಗಿ 10 ಬಾಕ್ಸ್. ಉಳಿಯಬೇಕಿದ್ದ ಒಂದು ಟೈಲ್ಸ್ ಅಲ್ಲೇ ಮಾಯ!

ಆದರೂ ಎರಡು ಕಡಿಮೆ ಬಿದ್ದದ್ದೇಕೆ? ಇಲ್ಲೇ ಇರುವುದು ನಿಜವಾದ ಮರ್ಮ. ಟೈಲ್ಸ್ ಎಂಬುದು ಅಕ್ಕಿಯಲ್ಲ, ಸಕ್ಕರೆಯಲ್ಲ. ತೂಗಿ ಸುರಿದರೆ ಮೂಲೆ ಮೂಲೆಗೆ ಹರಿದು ತುಂಬಿಕೊಳ್ಳುವುದಿಲ್ಲ. ಅದು ಸಾಲಿನಲ್ಲಿ ಕೂರುತ್ತದೆ. ಚದರ ಅಡಿ ಬಿಟ್ಟು ಸಾಲು ಎಣಿಸಬೇಕು.

ಮೇಸ್ತ್ರಿ ಎಣಿಸಿದ್ದು ಹೀಗೆ. ಅಗಲ 136 ಇಂಚು. ಸಂದು ಸೇರಿ ಒಂದು ಟೈಲ್ಸಿಗೆ 23 ಮುಕ್ಕಾಲು ಇಂಚಿಗೆ ಒಂದು ಕೂದಲು ಕಡಿಮೆ. ಐದು ಪೂರ್ತಿ ಟೈಲ್ಸ್ ಕೂತ ಮೇಲೆ ಹದಿನೇಳೂವರೆ ಇಂಚು ಜಾಗ ಉಳಿಯಿತು. ಅದಕ್ಕೆ ಆರನೆಯದನ್ನು ಕತ್ತರಿಸಬೇಕು. ಉದ್ದ 164 ಇಂಚು. ಅಲ್ಲಿ ಆರು ಪೂರ್ತಿ ಕೂತು ಸುಮಾರು 22 ಇಂಚು ಉಳಿಯಿತು. ಏಳನೆಯದನ್ನು ಕತ್ತರಿಸಬೇಕು. ಆರು ಸಾಲು, ಏಳು ಸಾಲು. ಆರೇಳ್ಲಿ 42. ಸೌಕಾರರ ಹತ್ತಿರ ಇದ್ದದ್ದು 40.

“ಕತ್ತರಿಸಿದ ಚೂರು ಇದೆಯಲ್ಲಪ್ಪಾ, ಅದನ್ನೇ ಇನ್ನೊಂದು ಕಡೆಗೆ ಹಾಕು” ಎಂದರಂತೆ ಸೌಕಾರರು. ಯಾರಾದರೂ ಕೇಳುವ ಪ್ರಶ್ನೆಯೇ. ಆದರೆ ಅಗಲದ ಕಡೆ ಉಳಿದ ಚೂರು ಆರಿಂಚಿನದು, ಉದ್ದದ ಕಡೆಯದು ಎರಡಿಂಚೂ ಇಲ್ಲ. ಹದಿನೇಳೂವರೆ ಇಂಚಿನ ಬಾಯಿಗೆ ಆರಿಂಚಿನ ತುತ್ತು! ಉಳಿದ ಚೂರು ಅರ್ಧ ಟೈಲ್ಸಿಗಿಂತ ದೊಡ್ಡದಿದ್ದು, ಬೇಕಾದ ಜಾಗ ಅರ್ಧಕ್ಕಿಂತ ಸಣ್ಣದಿದ್ದರೆ ಮಾತ್ರ ಒಂದು ಟೈಲ್ಸಿನಲ್ಲಿ ಎರಡು ಕೆಲಸ ಆಗುತ್ತದೆ. ಬೇಕಾದ್ದು ಅರ್ಧಕ್ಕಿಂತ ಜಾಸ್ತಿಯಾದರೆ ಒಂದು ಜಾಗಕ್ಕೆ ಒಂದು ಟೈಲ್ಸ್ ಎಂದೇ ಬರೆದುಕೊಳ್ಳಬೇಕು.

ಇನ್ನು ಸ್ಕರ್ಟಿಂಗ್. ಗೋಡೆ ಬುಡಕ್ಕೆ ನಾಲ್ಕಿಂಚು ಪಟ್ಟಿ. ನೆಲದ ಲೆಕ್ಕ ಹಾಕುವಾಗ ಹತ್ತರಲ್ಲಿ ಎಂಟು ಮಂದಿ ಇದನ್ನು ಮರೆಯುತ್ತಾರೆ ಎಂಬುದು ಮೇಸ್ತ್ರಿಯ ದೂರು. ಈ ಕೋಣೆಯ ಸುತ್ತಳತೆ 50 ಅಡಿ, ಬಾಗಿಲಿಗೆ 3 ಅಡಿ ಕಳೆದರೆ 47. ಒಂದು ಪಟ್ಟಿ ಎರಡಡಿಗೆ ತುಸು ಕಡಿಮೆ, ಹಾಗಾಗಿ 24 ಪಟ್ಟಿ ಬೇಕು. ಆ ಆರಿಂಚಿನ ಚೂರುಗಳು ಈಗ ಕೆಲಸಕ್ಕೆ ಬಂದವು. ಏಳು ಸಾಲಿನಿಂದ ಏಳು ಪಟ್ಟಿ ದಕ್ಕಿತು. ಬಾಕಿ 17 ಪಟ್ಟಿ. ಒಂದು ಟೈಲ್ಸಿಗೆ ಐದು ಪಟ್ಟಿ ಬರುತ್ತದೆ (ನಡುವಿನ ಪಟ್ಟಿಗಳ ಮೇಲಂಚನ್ನು ಗ್ರೈಂಡರಿನಲ್ಲಿ ಉಜ್ಜಿ ನಯ ಮಾಡಬೇಕು). ಹಾಗಾಗಿ ಇನ್ನು ನಾಲ್ಕು ಟೈಲ್ಸ್.

ನೆಲಕ್ಕೆ 42, ಸ್ಕರ್ಟಿಂಗಿಗೆ 4, ಒಟ್ಟು 46. ಒಡೆಯುವುದಕ್ಕೆ ಇಪ್ಪತ್ತಕ್ಕೆ ಒಂದರಂತೆ 2. ಮೊತ್ತ 48. ಹನ್ನೆರಡು ಬಾಕ್ಸ್! ಸೌಕಾರರು ತಂದದ್ದು ಹತ್ತು.

“ನೂರಕ್ಕೆ ಹತ್ತು ಜಾಸ್ತಿ ತಂದರೆ ಸಾಕು” ಎಂದು ಅಂಗಡಿಗಳಲ್ಲಿ ಹೇಳುವುದುಂಟು. ಈ ಕೋಣೆಗೆ ಆ ಮಾತು ನೆಲದ ಮಟ್ಟಿಗೆ ನಡೆಯುತ್ತಿತ್ತು. ಹನ್ನೊಂದು ಬಾಕ್ಸ್ ಬಂದು, 44 ಟೈಲ್ಸಿನಲ್ಲಿ ನೆಲ ಮುಗಿದು ಎರಡು ಉಳಿಯುತ್ತಿತ್ತು. ಸ್ಕರ್ಟಿಂಗ್ ಮಾತ್ರ ದೇವರೇ ಗತಿ. ಎಲ್ಲ ಕೋಣೆಗೂ ಇದೇ ಮಾತು ನಡೆಯುತ್ತದೆಯೇ ಎಂದರೆ, ಇಲ್ಲ. ಅದಕ್ಕೆ ಹೊನ್ನಾಳಿಗೆ ಹೋಗಬೇಕು.

ನಮ್ಮ ಕಡೆ ಕೋಣೆ ಎಂದರೆ ಹತ್ತು-ಹನ್ನೆರಡು. ಅಂಗಡಿ ಮಳಿಗೆಯೂ ಅಷ್ಟೇ, ಮಲಗುವ ಕೋಣೆಯೂ ಅಷ್ಟೇ. ಎರಡಡಿ ಟೈಲ್ಸಿಗೆ ಐದಾರ್ಲಿ 30, ಬಾಯಿಲೆಕ್ಕ ಮುಗಿಯಿತು ಎನ್ನುತ್ತಾರೆ. ಹೊನ್ನಾಳಿಯ ಒಬ್ಬ ಟೈಲ್ಸ್ ಮೇಸ್ತ್ರಿ ಈ ಹತ್ತು-ಹನ್ನೆರಡಕ್ಕೇ ಹೆದರುತ್ತೇನೆ ಎಂದ. “ಅಳತೆ ಯಾವಾಗ ತಗೊಂಡ್ರಿ ಅಂತ ಮೊದಲು ಕೇಳ್ತೀನಣ್ಣ. ಗಾರೆ ಹೊಡೆಯೋಕೆ ಮೊದಲೋ, ಆಮೇಲೋ?”

ಇಟ್ಟಿಗೆಯಿಂದ ಇಟ್ಟಿಗೆಗೆ ಹತ್ತಡಿ ಇದ್ದರೆ, ಎರಡು ಕಡೆ ಅರ್ಧರ್ಧ ಇಂಚು ಗಾರೆ ಬಿದ್ದ ಮೇಲೆ 9 ಅಡಿ 11 ಇಂಚು. ಅದರಲ್ಲಿ ಐದು ಟೈಲ್ಸ್ ಕೂತರೆ ಉಳಿಯುವುದು ಅರ್ಧ ಇಂಚು ಚಿಲ್ಲರೆ. ಎರಡೂ ಗೋಡೆಗೆ ಹಂಚಿದರೆ ಸ್ಕರ್ಟಿಂಗ್ ಅಡಿ ಮುಚ್ಚಿಹೋಗುತ್ತದೆ. ಹನ್ನೆರಡಡಿ ಕಡೆಯೂ ಹಾಗೆಯೇ. 30 ಟೈಲ್ಸಿನಲ್ಲಿ, ಒಂದೂ ಕತ್ತರಿಸದೆ, ನೆಲ ಮುಗಿಯುತ್ತದೆ.

ಅದೇ ಗಾರೆ ಆದ ಮೇಲೆ ಪೂರ್ತಿ ಹತ್ತಡಿ ಇದ್ದರೆ? ಒಂದು ಕಡೆ ಒಂದೂವರೆ ಇಂಚು, ಇನ್ನೊಂದು ಕಡೆ ಒಂದೂಮುಕ್ಕಾಲು ಇಂಚು ಬರಿದೇ ಉಳಿಯುತ್ತದೆ. ಸ್ಕರ್ಟಿಂಗಿಗೆ ಮುಚ್ಚಲಾಗದು. ಒಂದೂವರೆ ಇಂಚಿನ ಪಟ್ಟಿ ಕತ್ತರಿಸಿ ತುಂಬಿದರೆ ಎರಡು ಮೂರು ಟೈಲ್ಸಿನಲ್ಲಿ ಆಗಿಹೋಗುತ್ತದೆ, ಆದರೆ ಕತ್ತರಿಸುವಾಗಲೇ ಅರ್ಧ ಮುರಿಯುತ್ತವೆ, ನೋಡುವುದಕ್ಕೂ ಹರಿದ ಪಂಚೆಗೆ ಅಂಚು ಹೊಲಿದಂತೆ. ಒಳ್ಳೆ ಮೇಸ್ತ್ರಿ ಏನು ಮಾಡುತ್ತಾನೆ? ನಡುವಿನಿಂದ ಹಾಕಿಕೊಂಡು ಬಂದು, ಒಂದು ಪೂರ್ತಿ ಸಾಲು ಬಿಟ್ಟು, ಎರಡೂ ಗೋಡೆಗೆ ಅರ್ಧಕ್ಕಿಂತ ತುಸು ದೊಡ್ಡ ತುಂಡು ಕೂರಿಸುತ್ತಾನೆ. ಚೆಂದ ಕಾಣುತ್ತದೆ. ಆದರೆ ಸಾಲು ಐದಾರು ಹೋಗಿ ಆರೇಳು ಆಯಿತು. ಮತ್ತೆ 42! ನ್ಯಾಮತಿ ಸೌಕಾರರ ದೊಡ್ಡ ಕೋಣೆಗೆ ಎಷ್ಟೋ ಅಷ್ಟೇ. ಉಳಿದ ತುಂಡುಗಳಲ್ಲಿ ಸ್ಕರ್ಟಿಂಗ್ ಬರುತ್ತದೆ ಎಂಬುದೊಂದೇ ಸಮಾಧಾನ. ಇಲ್ಲಿ ನೂರಕ್ಕೆ ಹತ್ತು ಎಂದು ನಂಬಿದವನಿಗೆ ಸಿಗುವುದು 9 ಬಾಕ್ಸ್, 36 ಟೈಲ್ಸ್.

ಒಂದಿಂಚು ಗಾರೆಗೆ ಹನ್ನೆರಡು ಟೈಲ್ಸ್ ವ್ಯತ್ಯಾಸ. ಗೋಡೆ ಎದ್ದ ಕೂಡಲೇ ಅಳತೆ ಹಿಡಿದು ಅಂಗಡಿಗೆ ಓಡುವವರು ತಡೆದುಕೊಂಡರೆ ಒಳ್ಳೆಯದು.

ಚನ್ನಗಿರಿ ಕಡೆಯ ಕಥೆ ಬೇರೆ. ಅಲ್ಲಿ ಅಡಿಕೆ ದುಡ್ಡು ಬಂದಾಗ ಹಳೇ ಮನೆಯ ಸಿಮೆಂಟ್ ನೆಲದ ಮೇಲೆ ಟೈಲ್ಸ್ ಬೀಳುತ್ತದೆ. ಹಳೇ ಗೋಡೆ ಮೂಲೆಮಟ್ಟ ಇರುವುದು ಅಪರೂಪ. ಒಂದು ತುದಿಗೆ 9 ಅಡಿ 10 ಇಂಚು, ಇನ್ನೊಂದು ತುದಿಗೆ 10 ಅಡಿ 2 ಇಂಚು. ಸಣ್ಣ ತುದಿ ನೋಡಿ ಐದು ಸಾಲು ಎಂದುಕೊಂಡರೆ, ದೊಡ್ಡ ತುದಿಯಲ್ಲಿ ಮೂರೂವರೆ ಇಂಚು ಬಾಯಿ ಬಿಡುತ್ತದೆ. ಹಾಗಾಗಿ ಟೇಪನ್ನು ಎರಡು ತುದಿಗೂ ನಡುವಿಗೂ ಹಿಡಿದು, ದೊಡ್ಡದನ್ನೇ ಬರೆದುಕೊಳ್ಳಬೇಕು. ಎದುರುಬದುರು ಗೋಡೆಗಳ ಅಳತೆ ಸಮವಿದ್ದು, ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ಎರಡೂ ಸಮ ಬಂದರೆ ಕೋಣೆ ನೆಟ್ಟಗಿದೆ ಎಂದರ್ಥ.

ಒಡೆಯುವ ವಿಚಾರಕ್ಕೆ ಬಂದರೆ, ಜಗಳೂರಿನವರನ್ನು ಕೇಳಬೇಕು. ಗೂಡ್ಸ್ ಆಟೋದಲ್ಲಿ ಬಾಕ್ಸ್ ಮಲಗಿಸಿ ತಂದರೆ ಕೆಳಗಿನದು ಬಿರಿಯುತ್ತದೆ, ಅಂಚಿನ ಮೇಲೆ ನಿಲ್ಲಿಸಿ ತರಬೇಕು. ಮೂಲೆ ಮುಕ್ಕಾದದ್ದನ್ನು ಎಸೆಯಬೇಡಿ. ಹೇಗೂ ಆರಿಂಚು ಕತ್ತರಿಸಿ ತೆಗೆಯುವ ಜಾಗವಿದ್ದರೆ ಮುಕ್ಕಾದ ಕಡೆಯೇ ಕತ್ತರಿಸಿ ಹೋಗಲಿ. ಟೊಳ್ಳೋ ಬಿರುಕೋ ಎಂಬ ಅನುಮಾನ ಬಂದರೆ ಬೆರಳ ಗೆಣ್ಣಿನಿಂದ ತಟ್ಟಿ. ಗಟ್ಟಿ ಟೈಲ್ಸ್ ಗಣ್ ಎನ್ನುತ್ತದೆ, ಬಿರಿದದ್ದು ಒಡಕು ಮಡಕೆಯಂತೆ ಮಂದವಾಗಿ ಸದ್ದು ಮಾಡುತ್ತದೆ.

ಇಷ್ಟಕ್ಕೂ ಎರಡು ಟೈಲ್ಸ್ ತಾನೆ, ನಾಳೆ ಹೋಗಿ ತಂದರಾಯಿತು ಎನ್ನಬಹುದು. ಆಗದು. ಪ್ರತಿ ಬಾಕ್ಸಿನ ಮೇಲೆ ಬ್ಯಾಚ್ ಮತ್ತು ಶೇಡ್ ನಂಬರ್ ಅಚ್ಚಾಗಿರುತ್ತದೆ. ಡಿಸೈನ್ ಅದೇ, ಕಂಪನಿ ಅದೇ, ಆದರೆ ಇನ್ನೊಂದು ಸಲ ಸುಟ್ಟ ಮಾಲು ಬಣ್ಣದಲ್ಲಿ ಎಳೆಯಷ್ಟು ಬೇರೆ. ಅಳತೆಯಲ್ಲೂ ಒಂದು ಮಿಲಿಮೀಟರ್ ಹೆಚ್ಚು ಕಡಿಮೆ ಇರಬಹುದು, ಸಂದು ವಕ್ರವಾಗುತ್ತದೆ. ಗುಜರಾತಿನ ಮೊರ್ಬಿಯಿಂದ ಲಾರಿಯಲ್ಲಿ ಬರುವ ಮಾಲು. ಹಳೇ ಲೋಡು ಮುಗಿದ ಮೇಲೆ ಅದೇ ಶೇಡ್ ಸಿಗುವುದು ಅದೃಷ್ಟ. ಆದ್ದರಿಂದ ಎಲ್ಲ ಬಾಕ್ಸಿನ ನಂಬರ್ ಒಂದೇ ಇದೆಯೇ ಎಂದು ಅಂಗಡಿಯಲ್ಲೇ ನೋಡಿ ಹತ್ತಿಸಿಕೊಳ್ಳಬೇಕು. ಒಡೆಯದ ಪೂರ್ತಿ ಬಾಕ್ಸ್ ಉಳಿದರೆ ವಾಪಸ್ ತೆಗೆದುಕೊಳ್ಳುತ್ತೀರಾ ಎಂಬ ಮಾತನ್ನೂ ಆಗಲೇ ಆಡಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು.

ನ್ಯಾಮತಿ ಸೌಕಾರರು ಮಾರನೆಯ ದಿನ ಮೊದಲ ಬಸ್ಸಿಗೆ ದಾವಣಗೆರೆಗೆ ಹೋದರು. ಆ ಶೇಡ್ ಮುಗಿದಿತ್ತು. ಹತ್ತಿರದ ಬಣ್ಣದ ಒಂದು ಬಾಕ್ಸ್, ಸ್ಕರ್ಟಿಂಗಿಗೆಂದು ಕಾಫಿ ಬಣ್ಣದ ಇನ್ನೆರಡು ಬಾಕ್ಸ್ ತಂದರು. ಮೇಸ್ತ್ರಿ ಬಣ್ಣ ತಪ್ಪಿದ ಎರಡು ಟೈಲ್ಸನ್ನು ಬೀರು ಬರುವ ಮೂಲೆಗೆ ಹಾಕಿದ. ಸ್ಕರ್ಟಿಂಗ್ ಕಾಫಿ ಬಣ್ಣದ್ದಾದ್ದರಿಂದ ಬೇಕೆಂದೇ ಮಾಡಿಸಿದಂತೆ ಕಂಡಿತು. ಗೃಹಪ್ರವೇಶಕ್ಕೆ ಬಂದ ಬೀಗರು ಸ್ಕರ್ಟಿಂಗ್ ಚೆನ್ನಾಗಿದೆ ಎಂದರಂತೆ. ಬೀರು ಸರಿಸಿ ನೋಡಲು ಸೌಕಾರರು ಯಾರಿಗೂ ಬಿಟ್ಟಿಲ್ಲ.