ಗೋಡೆ ಕೇಳುವ ಪ್ರಶ್ನೆ

ಮಕ್ಕಳನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಗಳತ್ತ ಸೆಳೆಯಲು ಕರ್ನಾಟಕದಲ್ಲಿ 2020ರಲ್ಲಿ ‘ಓದುವ ಬೆಳಕು’ ಶುರುವಾಯಿತು. ಒಳಗೆ ಬಂದ ಮಗು ಪುಸ್ತಕಕ್ಕೆ ಕೈ ಹಾಕಬೇಕಾದರೆ ಗೋಡೆಬರಹವೂ ನೆರವಾಗಬೇಕು.

‘ಜ್ಞಾನವೇ ಶಕ್ತಿ’ ಎಂದು ಸೂರಿನ ಹತ್ತಿರ ಬರೆದರೆ ಅದು ದೊಡ್ಡವರಿಗೆ ಬರೆದಂತೆ. ಎರಡನೇ ತರಗತಿಯ ಎಷ್ಟೋ ಮಕ್ಕಳಿಗೆ ಒತ್ತಕ್ಷರ ಇನ್ನೂ ತೊಡಕು. ಅವರ ಕಣ್ಣಿನ ಎತ್ತರ ಸುಮಾರು ಮೂರೂವರೆ ಅಡಿ. ಅಲ್ಲಿ, ‘ಆನೆ ಕಿವಿ ಬೀಸೋದು ಯಾಕೆ?’ ಎಂದು ಬರೆದು ನೋಡಿ. ನಾಲ್ಕೇ ಪದ, ಒಂದೂ ಒತ್ತಕ್ಷರವಿಲ್ಲ. ಕಿವಿಯ ರಕ್ತನಾಳಗಳಿಂದ ಮೈಬಿಸಿ ಇಳಿಯುತ್ತದೆ ಎಂಬ ಉತ್ತರವಿರುವ ಪುಸ್ತಕ ಅದರ ಕೆಳಗೇ, ಮುಖಪುಟ ಕಾಣುವಂತೆ ನಿಂತಿರಬೇಕು.

ಆ ಪುಸ್ತಕ ಯಾರದೋ ಮನೆಗೆ ಹೋದರೆ ಪ್ರಶ್ನೆ ಅನಾಥವಾಗುತ್ತದೆ. ಹಾಗಾಗಿ ಬಣ್ಣದಲ್ಲಿ ಬರೆಸುವುದಕ್ಕಿಂತ ಕಪ್ಪುಹಲಗೆ, ಸೀಮೆಸುಣ್ಣವೇ ಮೇಲು: ಹಳೆಯದನ್ನು ಒರೆಸಿ, ಕಪಾಟಿನಲ್ಲಿರುವ ಇನ್ನೊಂದು ಪುಸ್ತಕದ ಪ್ರಶ್ನೆ ಬರೆಯಬಹುದು.