ವರದಿಗೂ ಬೆಲೆಯಿದೆ

‘ನಮ್ಮ ಆ್ಯಪ್ ಜನರಿಗೆ ಹಿಡಿಸುತ್ತದೆಯೇ ನೋಡಿಕೊಡಿ’ ಎಂದರೆ ಸ್ವತಂತ್ರ ಬಳಕೆದಾರ ಸಂಶೋಧಕರು ಹಾಗೇ ಒಪ್ಪಿಕೊಳ್ಳಬಾರದು. ಮೊದಲು ಪ್ರಶ್ನೆ ಕಿರಿದಾಗಬೇಕು: ಕಿರಾಣಿ ಅಂಗಡಿಯವರು ಸಾಲದ ಅರ್ಜಿಯನ್ನು ಎಲ್ಲಿ, ಏಕೆ ಅರ್ಧಕ್ಕೆ ಬಿಡುತ್ತಾರೆ? ಇದಕ್ಕೆ ಆರು ಜನರ ಸಂದರ್ಶನದಿಂದ ಒಳ್ಳೆಯ ಸುಳಿವು ಸಿಗುತ್ತದೆ. ಶೇಕಡಾವಾರು ಲೆಕ್ಕ ಮಾತ್ರ ಸಿಗದು.

ಆರು ಜನ ಬೇಕಿದ್ದರೆ ಎಂಟು ಜನರನ್ನು ಗೊತ್ತುಮಾಡಿ, ಕೆಲವರು ಕೈಕೊಡುತ್ತಾರೆ. ‘ಅರ್ಜಿ ಹಾಕಿದ್ದೀರಾ?’ ಎಂದು ಕೇಳಿದರೆ ಗೌರವಧನದ ಆಸೆಗೆ ಹೌದೆನ್ನುವವರಿದ್ದಾರೆ. ‘ಕಳೆದ ಸಲ ಅಂಗಡಿಗೆ ದುಡ್ಡು ಬೇಕಾದಾಗ ಏನು ಮಾಡಿದಿರಿ?’ ಎಂದು ಕೇಳಿ, ನಿಜ ಹೊರಬರುತ್ತದೆ.

ಒಂದು ಗಂಟೆಯ ಮಾತನ್ನು ಬರೆದು ವಿಂಗಡಿಸಲು ಹಲವು ಗಂಟೆ ಹಿಡಿಯುತ್ತದೆ. ಆದ್ದರಿಂದ ವರದಿಯ ದಿನಗಳಿಗೂ ಪೂರ್ತಿ ದರ ಹಾಕಿ, ಗೌರವಧನವನ್ನು ಬೇರೆಯಾಗಿ ತೋರಿಸಿ. ಮುಂಗಡ ಕೈಸೇರುವ ಮೊದಲು ಯಾರನ್ನೂ ಸಂದರ್ಶನಕ್ಕೆ ಕರೆಯಬೇಡಿ.