ತಿರುಗುಗುಂಡಿ 180 ತೋರಿಸುತ್ತಿತ್ತು, ಎಣ್ಣೆ 200 ದಾಟಿತ್ತು

ಕುಂಬ್ಡಾಜೆಯಲ್ಲಿ ಹಲಸು ಬಲಿಯುವ ಹೊತ್ತಿಗೆ ಸೋಂಟೆ ಕಾಯಿಸದ ಮನೆ ವಿರಳ. ನಮ್ಮ ಶಾಲೆಯ ಮಾತೃ ಸಂಘದವರು ಆ ಸೋಂಟೆಯನ್ನೇ ಕಾಯಿಸಿ ಮಾರಿ, ಬಂದ ಹಣವನ್ನು ಶಾಲೆಯ ವಾಚನಾಲಯಕ್ಕೆ ಕೊಡುವುದೆಂದು ನಿಶ್ಚಯಿಸಿದ್ದರು. ಕಟ್ಟಿಗೆ ಒಲೆಯ ಹೊಗೆ ಬೇಡವೆಂದು ಆರು ಲೀಟರು ಹಿಡಿಯುವ, ಎರಡೂವರೆ ಕಿಲೋವಾಟಿನ ಒಂದು ವಿದ್ಯುತ್ ಫ್ರೈಯರನ್ನು ಯಾರೋ ಬಳಸಿ ಬಿಟ್ಟದ್ದನ್ನು ಅಗ್ಗಕ್ಕೆ ತಂದೆವು. ಅದರ ತಿರುಗುಗುಂಡಿಯನ್ನು 180ಕ್ಕೆ ಇಟ್ಟು ಕೆಲಸ ಆರಂಭಿಸಿದೆವು.

ಮೊದಲ ಎರಡು ಸುತ್ತು ಸೋಂಟೆ ಬಂಗಾರದ ಬಣ್ಣದಲ್ಲಿ ಬಂತು. ಮೂರನೆಯದರಲ್ಲಿ ಎಣ್ಣೆ ನೀಲಿ ಹೊಗೆ ಬಿಡತೊಡಗಿ ಎಲ್ಲರ ಕಣ್ಣು ಉರಿಯಿತು. ಎಣ್ಣೆ ಇಳಿದಿದೆಯೆಂದು ತಾಳೆ ಎಣ್ಣೆಯ ಒಂದು ಲೀಟರಿನ ಪೊಟ್ಟಣವನ್ನು ಸುರಿದೆವು. ಆಮೇಲಿನ ಸುತ್ತಿನಲ್ಲಿ ನೊರೆ ಉಕ್ಕಿ ಪಾತ್ರೆಯ ಅಂಚಿನವರೆಗೆ ಬಂತು. ಕೊನೆಯ ಸೋಂಟೆಯನ್ನು ಬಾಯಿಗಿಟ್ಟ ಮಕ್ಕಳು ಕಹಿಯೆಂದು ಉಗುಳಿದರು. ನಾವೆಲ್ಲರೂ ಒಕ್ಕೊರಲಿನಿಂದ ಎಣ್ಣೆ ಕೊಟ್ಟ ಮಿಲ್ಲಿನವರನ್ನು ದೂರಿದೆವು. ಅವರದು ಎಳ್ಳಷ್ಟೂ ತಪ್ಪಿರಲಿಲ್ಲ ಎಂಬುದು ಗೊತ್ತಾದದ್ದು ಮುಂದಿನ ಶನಿವಾರ.

ಆ ಶನಿವಾರ ನಾವು ಮಾಡಿದ್ದು ಇಷ್ಟೇ. ಅಡುಗೆಗೆಂದೇ ಸಿಗುವ, 300 ಡಿಗ್ರಿಯವರೆಗೆ ಓದುವ, ಉದ್ದ ಕಡ್ಡಿಯ ಡಿಜಿಟಲ್ ತಾಪಮಾಪಕವೊಂದನ್ನು ತಂದೆವು. ಶಾಲೆಯ ಪ್ರಯೋಗಶಾಲೆಯ ಗಾಜಿನ ತಾಪಮಾಪಕ ಇದಕ್ಕೆ ಸಲ್ಲದು; ಅದು 110 ಡಿಗ್ರಿಗೆ ಮುಗಿಯುತ್ತದೆ, ಒಡೆದರೆ ಪಾದರಸವೂ ಎಣ್ಣೆಗೆ ಸೇರೀತು. ಮೊದಲು ಕುದಿಯುವ ನೀರಿನಲ್ಲಿ ಅದ್ದಿ ನೋಡಿದೆವು. ನಮ್ಮ ಊರಿನ ಎತ್ತರದಲ್ಲಿ ಅದು 100ರ ಹತ್ತಿರ ತೋರಿಸಬೇಕು, ತೋರಿಸಿತು. ಬಳಿಕ ಫ್ರೈಯರಿಗೆ ಗೆರೆಯವರೆಗೆ ಐದು ಲೀಟರು ಎಣ್ಣೆ ಹಾಕಿ, ಜಗಲಿಯಲ್ಲಿಟ್ಟು, ಗುಂಡಿಯನ್ನು 180ಕ್ಕೆ ತಿರುಗಿಸಿ, ಕಡ್ಡಿಯ ತುದಿ ಕಾಯುವ ಸುರುಳಿಗೆ ತಾಗದಂತೆ ಎಣ್ಣೆಯ ನಡುವೆ ಹಿಡಿದೆವು. ದೀಪ ಮೊದಲ ಸಲ ಆರಿದಾಗಿನ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬಾರದು, ಆರಂಭದ ಏರಿಕೆ ಯಾವಾಗಲೂ ಹೆಚ್ಚಾಗಿರುತ್ತದೆ. ಮೂರು ಸಲ ದೀಪ ಆರಿ ಹತ್ತಿದ ಮೇಲೆ ಬರೆದುಕೊಂಡೆವು: ದೀಪ ಮರಳಿ ಹತ್ತುವಾಗ 190, ಆರಿದ ಮೇಲೆ ಏರಿ ನಿಂತ ತುದಿ 214. ನಡುವಿನ ಸರಾಸರಿ 202. ಗುಂಡಿಯ ಮಾತಿಗಿಂತ 22 ಡಿಗ್ರಿ ಹೆಚ್ಚು, ಅದರ ಜೊತೆಗೆ 24 ಡಿಗ್ರಿಯ ಏರಿಳಿತ.

ಹೀಗೇಕಾಗುತ್ತದೆಂದು ತಿಳಿಯಲು ಗುಂಡಿಯ ಹಿಂದೆ ಏನಿದೆಯೆಂದು ನೋಡಬೇಕು. ಇಂಥ ಫ್ರೈಯರುಗಳಲ್ಲಿ ಸಾಮಾನ್ಯವಾಗಿ ಇರುವುದು ದ್ರವ ತುಂಬಿದ ಥರ್ಮೋಸ್ಟಾಟ್. ಎಣ್ಣೆಯೊಳಗೆ ಪೆನ್ಸಿಲಿಗಿಂತ ಸಪೂರವಾದ ಒಂದು ಲೋಹದ ಕೊಳವೆ ಮುಳುಗಿರುತ್ತದೆ. ಅದರೊಳಗೆ ಬಿಸಿಗೆ ಹಿಗ್ಗುವ ದ್ರವವಿದೆ. ಅಲ್ಲಿಂದ ಕೂದಲಿನಷ್ಟು ಸಣ್ಣ ರಂಧ್ರದ ನಾಳವೊಂದು ಗುಂಡಿಯ ಹಿಂಭಾಗಕ್ಕೆ ಹೋಗಿ ತೆಳುವಾದ ಲೋಹದ ಪರೆಗೆ ಸೇರುತ್ತದೆ. ದ್ರವ ಹಿಗ್ಗಿದಾಗ ಪರೆ ಉಬ್ಬಿ ಸ್ವಿಚ್ಚನ್ನು ತಳ್ಳುತ್ತದೆ, ವಿದ್ಯುತ್ತು ಕಡಿಯುತ್ತದೆ. ಗುಂಡಿ ತಿರುಗಿಸುವುದೆಂದರೆ ಆ ಪರೆ ಎಷ್ಟು ಉಬ್ಬಬೇಕೆಂದು ನಿರ್ಧರಿಸುವುದು ಮಾತ್ರ. ಹಾಗಾಗಿ ಗುಂಡಿ ಎಣ್ಣೆಯ ಬಿಸಿಯನ್ನು ಅಳೆಯುವುದೇ ಇಲ್ಲ.

ಈ ಏರ್ಪಾಡಿನಲ್ಲಿ ಎರಡು ಬೇರೆ ಬೇರೆ ದೋಷಗಳು ಬರುತ್ತವೆ. ಒಂದು ತಡ. ಎಣ್ಣೆಯಲ್ಲಿ ಮುಳುಗಿದ ಕೊಳವೆಯ ಮೇಲೆ ಕಂದು ಬಣ್ಣದ, ಗೋಂದಿನಂಥ ಪದರ ಕಟ್ಟುತ್ತದೆ. ಆ ಪದರ ಬಿಸಿಯನ್ನು ತಡೆಯುವುದರಿಂದ ಎಣ್ಣೆ 190 ಮುಟ್ಟಿದ ಸುದ್ದಿ ಕೊಳವೆಗೆ ತಡವಾಗಿ ತಲುಪುತ್ತದೆ. ನಮ್ಮ ಫ್ರೈಯರು ನಿಮಿಷಕ್ಕೆ ಸುಮಾರು 16 ಡಿಗ್ರಿ ಕಾಯುತ್ತದೆ. ಅಂದಮೇಲೆ ಮುಕ್ಕಾಲು ನಿಮಿಷದ ತಡವೂ ಹನ್ನೆರಡು ಡಿಗ್ರಿಯ ಅತಿರೇಕವಾಗುತ್ತದೆ. ಎಣ್ಣೆ ತಣಿಯುವುದು ನಿಧಾನವಾದ್ದರಿಂದ ಕೆಳತುದಿ ಅಷ್ಟಾಗಿ ಇಳಿಯುವುದಿಲ್ಲ. ಎರಡನೆಯದು ಜಾರುವಿಕೆ. ವರ್ಷಗಳ ಕಾಲ ಉಬ್ಬಿ ತಗ್ಗಿದ ಪರೆ ಬಳಲುತ್ತದೆ, ನಾಳ ಬಾಗಿದಲ್ಲಿ ದ್ರವ ಕೊಂಚ ಕೊಂಚ ಸೋರಿಹೋಗುತ್ತದೆ. ದ್ರವ ಕಡಿಮೆಯಾದರೆ ಅಷ್ಟೇ ತಳ್ಳಲು ಹೆಚ್ಚು ಬಿಸಿ ಬೇಕು. ಗಮನಿಸಿ, ಎರಡು ದೋಷಗಳೂ ಎಣ್ಣೆಯನ್ನು ಕೊಂಡೊಯ್ಯುವುದು ಬಿಸಿಯ ಕಡೆಗೇ. ದ್ರವ ಪೂರ್ತಿ ಹೋದರೆ ಸಾಮಾನ್ಯ ಮಾದರಿಯ ಸ್ವಿಚ್ಚು ಕಡಿಯುವುದೇ ಇಲ್ಲ. ಆಗ ಕಾಯುವವನು ಎರಡನೆಯ ಥರ್ಮೋಸ್ಟಾಟ್ ಒಬ್ಬನೇ. ಅದು ಸಾಮಾನ್ಯವಾಗಿ 230ರ ಹತ್ತಿರ ವಿದ್ಯುತ್ತು ಕಡಿದು, ಕೈಯಿಂದ ಒತ್ತುವವರೆಗೆ ಮರಳಿ ಕೊಡದ ಕೆಂಪು ಗುಂಡಿಯದು. ಅದು ಪದೇ ಪದೇ ಹಾರುತ್ತಿದ್ದರೆ ಒತ್ತಿ ಒತ್ತಿ ಕೆಲಸ ಮುಂದುವರಿಸಬಾರದು. ಮೊದಲ ಥರ್ಮೋಸ್ಟಾಟ್ ಸತ್ತಿದೆಯೆಂದೇ ಅದರ ಅರ್ಥ.

ನಮ್ಮದರಲ್ಲಿ ಯಾವ ದೋಷ ಎಷ್ಟು? ಪ್ಲಗ್ಗು ತೆಗೆದು, ಎಣ್ಣೆ ಬಸಿದು, ಬಿಸಿನೀರು ಮತ್ತು ಅಡುಗೆಸೋಡದಲ್ಲಿ ಕೊಳವೆಯನ್ನು ನೆನೆಸಿ, ಮರದ ಚಮಚದ ಅಂಚಿನಿಂದ ಮೆಲ್ಲಗೆ ಆ ಪದರವನ್ನು ಎಬ್ಬಿಸಿದೆವು. ತಂತಿಯುಜ್ಜು ಹಾಕಿದರೆ ನಾಳ ಬಾಗಿ ಇನ್ನಷ್ಟು ಕೆಡುತ್ತದೆ. ಪಾತ್ರೆಯನ್ನು ಪೂರ್ತಿ ಒಣಗಿಸಿ ಮತ್ತೆ ಅಳೆದಾಗ ಕೆಳತುದಿ 191, ಮೇಲ್ತುದಿ 201. ಏರಿಳಿತ 24ರಿಂದ 10ಕ್ಕೆ ಇಳಿದಿತ್ತು. ಅಂದರೆ ತಡದ ದೋಷ ಹೋಯಿತು. ಆದರೆ ಸರಾಸರಿ ಇನ್ನೂ 196. ಉಳಿದ 16 ಡಿಗ್ರಿ ಥರ್ಮೋಸ್ಟಾಟಿನ ಜಾರುವಿಕೆ, ಅದು ತೊಳೆದರೆ ಹೋಗದು. ಕೆಲವು ಮಾದರಿಗಳಲ್ಲಿ ಗುಂಡಿಯನ್ನು ಎಳೆದು ತೆಗೆದರೆ ಸಣ್ಣ ತಿರುಪು ಕಾಣುತ್ತದೆ, ತಿಳಿದ ಮೆಕ್ಯಾನಿಕರು ಅದರಿಂದ ಸರಿಪಡಿಸುತ್ತಾರೆ. ನಾವು ಸದ್ಯಕ್ಕೆ 150ರ ಬಳಿ ಕೆಂಪು ಬಣ್ಣದ ಚುಕ್ಕಿ ಇಟ್ಟು, ಅಲ್ಲಿ ನಿಲ್ಲಿಸಿದರೆ 166 ಬರುತ್ತದೆಂದು ಅಳೆದು ನೋಡಿಕೊಂಡಿದ್ದೇವೆ. ಇಂಥ ಅಂತರ ಮುಂದೆಯೂ ಬೆಳೆಯಬಹುದಾದ್ದರಿಂದ ತಿಂಗಳಿಗೊಮ್ಮೆ ಅಳೆಯುತ್ತೇವೆ.

180 ಬಿಟ್ಟು 166 ಏಕೆ? ಗಾಣದಲ್ಲೋ ಮಿಲ್ಲಿನಲ್ಲೋ ಹಿಂಡಿ ಶುದ್ಧೀಕರಿಸದೆ ತಂದ ತೆಂಗಿನೆಣ್ಣೆ ಸುಮಾರು 175ರಿಂದ 180 ಡಿಗ್ರಿಗೇ ಹೊಗೆಯಾಡತೊಡಗುತ್ತದೆ. ಶುದ್ಧೀಕರಿಸಿದ್ದು 200ರ ಆಚೆಗೂ ತಡೆದೀತು. ಹಾಗಾಗಿ ನಮ್ಮ ಎಣ್ಣೆಗೆ ಗುಂಡಿ ನಿಜ ಹೇಳಿದ್ದರೂ 180 ಹೆಚ್ಚೇ. ಅದರ ಮೇಲೆ 214 ಏರಿದರೆ ಹೊಗೆ ಬಾರದೆ ಇನ್ನೇನು ಬಂದೀತು?

ಈಗ ಎಣ್ಣೆಯ ಕಡೆಗೆ ಬರೋಣ. ಎಣ್ಣೆಯ ಅಣುವೆಂದರೆ ಗ್ಲಿಸರಾಲಿನ ಒಂದು ತುಂಡಿಗೆ ಅಂಟಿದ ಮೂರು ಕೊಬ್ಬಿನ ಆಮ್ಲಗಳು. ಹಸಿ ಸೊಳೆಯಿಂದ ಹೊರಡುವ ನೀರಿನ ಆವಿ ಬಿಸಿ ಎಣ್ಣೆಯಲ್ಲಿ ಈ ಅಂಟನ್ನು ಬಿಡಿಸುತ್ತದೆ. ಬಿಡಿಯಾದ ಆಮ್ಲಗಳು ಇಡೀ ಎಣ್ಣೆಗಿಂತ ಬೇಗ ಆವಿಯಾಗುತ್ತವೆ, ಆದ್ದರಿಂದ ಹಳೆಯ ಎಣ್ಣೆ ಹೊಸದಕ್ಕಿಂತ ಕಡಿಮೆ ಬಿಸಿಯಲ್ಲೇ ಹೊಗೆಯಾಡುತ್ತದೆ. ತೆಂಗಿನೆಣ್ಣೆಯ ಆಮ್ಲಗಳಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ಅದು ಗಿಡ್ಡ ಸರಪಳಿಯದು, ಇನ್ನೂ ಸುಲಭವಾಗಿ ಹಾರುತ್ತದೆ, ನಾಲಗೆಗೆ ಸಾಬೂನಿನ ರುಚಿಯನ್ನೂ ಕೊಡುತ್ತದೆ. ಇನ್ನು ಬೇರ್ಪಟ್ಟ ಗ್ಲಿಸರಾಲ್ ಅತಿಯಾಗಿ ಕಾದರೆ ಅಕ್ರೋಲಿನ್ ಎಂಬ ಘಾಟಿನ ಅನಿಲವಾಗುತ್ತದೆ. ನಮ್ಮ ತಾಯಂದಿರ ಕಣ್ಣು ಉರಿಸಿದ್ದು ಅದು.

ನೊರೆಯ ಕಾರಣ ಬೇರೆ. ಒಳ್ಳೆಯ ಎಣ್ಣೆಯಲ್ಲಿ ಆವಿಯ ಗುಳ್ಳೆ ದೊಡ್ಡದಾಗಿ ಎದ್ದು ತಟ್ಟನೆ ಒಡೆಯುತ್ತದೆ. ಗಾಳಿಯ ಆಮ್ಲಜನಕ ತಾಗಿ ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡಾಗ ಎಣ್ಣೆ ಮಂದವಾಗುತ್ತದೆ. ಅರ್ಧ ಒಡೆದ ಅಣುಗಳು ಸಾಬೂನಿನಂತೆ ಗುಳ್ಳೆಯ ಪೊರೆಯನ್ನು ಹಿಡಿದು ನಿಲ್ಲಿಸುತ್ತವೆ. ಆಗ ಸಣ್ಣ ಗುಳ್ಳೆಗಳು ಒಡೆಯದೆ ಮೇಲೆ ಮೇಲೆ ಪೇರುತ್ತವೆ. ನಾವು ಬಳಸಿದ್ದರಲ್ಲಿ ಎರಡು ಲೀಟರು ಹಿಂದಿನ ವಾರ ಉಂಡ್ಲಕಾಳು ಕಾಯಿಸಿ ಉಳಿದದ್ದು. ಅದಕ್ಕೆ ತಾಳೆ ಎಣ್ಣೆ ಸೇರಿಸಿದ್ದು ದೊಡ್ಡ ಅಪರಾಧ. ತೆಂಗಿನೆಣ್ಣೆ ತನ್ನಷ್ಟಕ್ಕೆ ಗಾಳಿಗೆ ಬೇಗ ಕೆಡದ ಗಟ್ಟಿ ಎಣ್ಣೆ, ಆದರೆ ಬೇರೆ ಎಣ್ಣೆಯೊಡನೆ ಬೆರೆಸಿ ಕಾಯಿಸಿದರೆ ನೊರೆ ಹೆಚ್ಚು. ತೆಂಗಿನೆಣ್ಣೆಯ ಬೆಲೆ ಏರಿದಾಗಲೆಲ್ಲ ನಮ್ಮಲ್ಲಿ ಈ ಬೆರಕೆ ನಡೆಯುತ್ತದೆ.

ಸೋಂಟೆಗೆ ಉಪ್ಪುನೀರು ಚಿಮುಕಿಸುವ ಪದ್ಧತಿಯ ಬಗ್ಗೆಯೂ ಹೇಳಬೇಕು. ಅಗಲ ಬಾಣಲೆಯಲ್ಲಿ ಅದು ಸರಿಯೇ. ಚಿಮುಕಿಸಿದ ನೀರಿನ ಸದ್ದು ಅಡಗಿದಾಗ ಸೋಂಟೆ ಗರಿಗರಿಯಾಯಿತೆಂದು ಅಜ್ಜಿಯಂದಿರು ಕಿವಿಯಿಂದಲೇ ಹೇಳುತ್ತಿದ್ದರು. ಆದರೆ ಆಳವಾದ ಫ್ರೈಯರಿನಲ್ಲಿ ಅದೇ ನೀರು ಎಣ್ಣೆಯನ್ನು ಉಕ್ಕಿಸುತ್ತದೆ, ಉಪ್ಪು ಸುರುಳಿಯನ್ನೂ ಥರ್ಮೋಸ್ಟಾಟಿನ ಕೊಳವೆಯನ್ನೂ ತಿನ್ನುತ್ತದೆ. ನಾವೀಗ ಕಾಯಿಸಿ ತೆಗೆದ ಕೂಡಲೇ, ಬಿಸಿ ಇರುವಾಗಲೇ ಪುಡಿಯುಪ್ಪು ಬೆರೆಸುತ್ತೇವೆ. ರುಚಿ ಹಿಂದಿನಂತೆ ಇಲ್ಲವೆಂದು ಹೇಳುವವರಿದ್ದಾರೆ, ಅದು ನಿಜವೂ ಹೌದು.

ಕಹಿಯ ಬಹುಪಾಲು ತಳದ ಕರಿಯಿಂದ ಬರುತ್ತದೆ. ಉದುರಿದ ಚೂರುಗಳು ಸುರುಳಿಯ ಸುತ್ತ, ಎಣ್ಣೆಗಿಂತಲೂ ಹೆಚ್ಚು ಬಿಸಿಯಾದ ಜಾಗದಲ್ಲಿ, ಸುಟ್ಟು ಇದ್ದಿಲಾಗಿ ಮುಂದಿನ ಸುತ್ತಿಗೆ ಅಂಟುತ್ತವೆ. ಇದಕ್ಕೆ ಆಮ್ಲಜನಕದಿಂದ ಕೆಟ್ಟ ಎಣ್ಣೆಯ ಕಮಟು ಸೇರುತ್ತದೆ. ಎರಡು ಸುತ್ತಿಗೊಮ್ಮೆ ಸಣ್ಣ ಜಾಲರಿಯಿಂದ ಚೂರು ತೆಗೆದರೆ, ಕೆಲಸ ಮುಗಿದ ಮೇಲೆ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿದರೆ ಇದು ಬಹಳ ಕಡಿಮೆಯಾಗುತ್ತದೆ.

ಇಷ್ಟಾದರೂ ಗುಂಡಿಯನ್ನು ಮೇಲೆ ತಿರುಗಿಸುವ ಕೈ ನಿಲ್ಲುವುದಿಲ್ಲ, ಏಕೆಂದರೆ ಸೊಳೆ ಹಾಕಿದಾಗ ಎಣ್ಣೆ ತಣಿದು ಸೋಂಟೆ ಮೆತ್ತಗಾಗುತ್ತದೆ. ಲೆಕ್ಕ ಹಾಕಿ ನೋಡಿ. ಅರ್ಧ ಕಿಲೋ ಹಸಿ ಸೊಳೆಯಲ್ಲಿ ಸುಮಾರು 350 ಗ್ರಾಂ ನೀರು. ಅದನ್ನು ಕಾಯಿಸಿ ಆವಿ ಮಾಡಲು ಹತ್ತಿರ ಹತ್ತಿರ 900 ಕಿಲೋಜೂಲ್ ಬೇಕು. ಎರಡೂವರೆ ಕಿಲೋವಾಟಿನ ಸುರುಳಿಗೆ ಅದು ಆರು ನಿಮಿಷದ ದುಡಿಮೆ. ಸಂಜೆ ನಮ್ಮಲ್ಲಿ ವೋಲ್ಟೇಜು 230ರಿಂದ 200ಕ್ಕೆ ಇಳಿದರೆ ಸುರುಳಿಯ ಬಲ ಕಾಲು ಭಾಗ ಕುಗ್ಗಿ ಎಂಟು ನಿಮಿಷವಾಗುತ್ತದೆ. ಆಗ ಗುಂಡಿ ಏರಿಸಿದರೆ ಸುರುಳಿ ಹೆಚ್ಚು ದುಡಿಯುವುದಿಲ್ಲ, ಅದು ಮೊದಲೇ ಪೂರ್ತಿ ದುಡಿಯುತ್ತಿದೆ. ಸೋಂಟೆ ತೆಗೆದ ಮೇಲೆ ಮಾತ್ರ ಎಣ್ಣೆ ಆ ಹೊಸ ಅಂಕಿಗೆ ಏರಿ ಸುಮ್ಮನೆ ಬೇಯುತ್ತದೆ. ಅರ್ಧ ಕಿಲೋ ಬದಲು ಕಾಲು ಕಿಲೋ ಹಾಕುವುದೇ ಇದಕ್ಕೆ ಪರಿಹಾರ.

ಎಣ್ಣೆಯನ್ನು ಯಾವಾಗ ಬಿಡಬೇಕೆಂಬುದಕ್ಕೆ ಕಾನೂನೂ ಇದೆ. ಕೆಟ್ಟ ಎಣ್ಣೆಯಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು ಒಟ್ಟಾರೆ ಶೇ. 25 ಮೀರಿದರೆ ಆ ಎಣ್ಣೆಯನ್ನು ಬಳಸಬಾರದೆಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅದನ್ನು ಅಳೆಯುವ ಉಪಕರಣ ನಮ್ಮಲ್ಲಿಲ್ಲ. ಬಣ್ಣ ನೋಡಿ ತೀರ್ಮಾನಿಸುವುದೂ ಸರಿಯಲ್ಲ, ಸೊಳೆಯ ಸಕ್ಕರೆಯಿಂದಲೂ ಎಣ್ಣೆ ಕಪ್ಪಾಗುತ್ತದೆ. ಆದ್ದರಿಂದ ನಾವು ಎರಡು ಗುರುತು ಇಟ್ಟುಕೊಂಡಿದ್ದೇವೆ: ಅಳೆದ 166ರಲ್ಲಿ ಹೊಗೆ ಕಂಡರೆ, ಅಥವಾ ಸೊಳೆ ಹಾಕಿದಾಗ ಎದ್ದ ನೊರೆ ಒಡೆಯದೆ ನಿಂತರೆ, ಆ ಎಣ್ಣೆಗೆ ಹೊಸದನ್ನು ಸೇರಿಸದೆ ಪೂರ್ತಿ ಬಸಿಯುತ್ತೇವೆ. ಬಸಿದ ಎಣ್ಣೆ ಈಗ ಶಾಲೆಯ ಹಿಂದಿನ ಕೋಣೆಯಲ್ಲಿ ಮುಚ್ಚಳದ ಡಬ್ಬದಲ್ಲಿದೆ. ಗೇಟಿನ ತಿರುಗಣೆಗೂ ಮಮ್ಮಟಿಯ ಅಲಗಿಗೂ ಹಚ್ಚಿದ ಮೇಲೂ ಮೂರು ಲೀಟರು ಉಳಿದಿದೆ.